ಜಾಹೀರಾತಿನ ಸ್ಕ್ರಿಪ್ಟ್ 30 ಸೆಕೆಂಡಿಗೆ ಇಳಿಸುವಾಗ ಕತ್ತರಿ ಎಲ್ಲಿ ಹಾಕಬೇಕು?

ಪ್ರಶ್ನೆ: 30 ಸೆಕೆಂಡಿನ ವಿಡಿಯೋ ಜಾಹೀರಾತಿಗೆ ಬರೆದ ಸ್ಕ್ರಿಪ್ಟ್ ಓದಿದರೆ 40 ಸೆಕೆಂಡು ದಾಟುತ್ತಿದೆ. ಶುರುವಿನ ಸಾಲನ್ನೂ ಆಫರನ್ನೂ ಬಿಡುವ ಹಾಗಿಲ್ಲ. ಉಳಿದದ್ದರಲ್ಲಿ ಏನು ತೆಗೆಯಲಿ, ಎಷ್ಟು ತೆಗೆಯಲಿ?

ಮೊದಲು ಎಷ್ಟು ತೆಗೆಯಬೇಕು ಎಂಬುದನ್ನು ಲೆಕ್ಕ ಹಾಕಿ, ಆಮೇಲೆ ಏನು ತೆಗೆಯಬೇಕು ಎಂದು ನೋಡಿ. ಹೆಚ್ಚಿನವರು ಒಂದೊಂದು ವಿಶೇಷಣ ಕಿತ್ತು ಓದಿ ನೋಡುತ್ತಾ ಹೋಗುತ್ತಾರೆ. ಅದರಲ್ಲಿ ಮೂರು ನಾಲ್ಕು ಸೆಕೆಂಡು ಉಳಿಯಬಹುದು, ಹತ್ತು ಉಳಿಯುವುದಿಲ್ಲ. ವಾಕ್ಯಗಳ ರುಚಿ ಮಾತ್ರ ಹೋಗಿರುತ್ತದೆ.

ಕನ್ನಡದಲ್ಲಿ ಪದಗಳನ್ನು ಎಣಿಸುವುದು ನಂಬಲರ್ಹ ಅಳತೆಯಲ್ಲ. ‘ಈ’ ಕೂಡ ಒಂದು ಪದ, ‘ಹಿಡಿದುಕೊಳ್ಳುತ್ತಾ’ ಕೂಡ ಒಂದು ಪದ. ಅಕ್ಷರ ಎಣಿಸಿ. ಒತ್ತಕ್ಷರವನ್ನೂ ಒಂದೇ ಎಂದು ಹಿಡಿಯಿರಿ, ಅಂಕಿಗಳನ್ನು ಬಾಯಲ್ಲಿ ಹೇಳುವಂತೆ ಬಿಡಿಸಿ ಬರೆದುಕೊಂಡು ಎಣಿಸಿ. ‘30’ ಕಾಗದದ ಮೇಲೆ ಎರಡು ಅಂಕಿ, ಬಾಯಲ್ಲಿ ಮೂರು ಅಕ್ಷರ. ಫೋನ್ ನಂಬರ್ ಅಥವಾ ವೆಬ್‌ಸೈಟ್ ವಿಳಾಸ ಇದ್ದರೆ ವ್ಯತ್ಯಾಸ ಇನ್ನೂ ದೊಡ್ಡದು. ಆಮೇಲೆ ನಿಮ್ಮ ವಾಯ್ಸ್ ಓವರ್ ಕಲಾವಿದರಿಂದ ಸ್ಕ್ರಿಪ್ಟಿನ ಒಂದು ಭಾಗವನ್ನು ಜಾಹೀರಾತಿನ ಧಾಟಿಯಲ್ಲೇ ಓದಿಸಿ ರೆಕಾರ್ಡ್ ಮಾಡಿ, ಸೆಕೆಂಡಿಗೆ ಎಷ್ಟು ಅಕ್ಷರ ಬಂತು ನೋಡಿ. ಮನಸ್ಸಿನಲ್ಲೇ ಓದಿ ಗಡಿಯಾರ ನೋಡಬೇಡಿ, ಅದು ಯಾವಾಗಲೂ ಬೇಗ ಮುಗಿಯುತ್ತದೆ. ಕೆಳಗಿನ ಲೆಕ್ಕಕ್ಕೆ ನಾನು ಸೆಕೆಂಡಿಗೆ 6 ಅಕ್ಷರ ಎಂದು ಇಟ್ಟುಕೊಂಡಿದ್ದೇನೆ. ನಿಮ್ಮ ದನಿಗೆ ಬಂದ ಸಂಖ್ಯೆಯನ್ನು ಅಲ್ಲಿ ಹಾಕಿಕೊಳ್ಳಿ.

ಮೂವತ್ತೂ ಸೆಕೆಂಡು ಮಾತಿಗೆ ಸಿಗುವುದಿಲ್ಲ. ಶುರುವಿನಲ್ಲಿ ಅರ್ಧ ಸೆಕೆಂಡು, ಕೊನೆಯಲ್ಲಿ ಲೋಗೋಗೆ ಎರಡೂವರೆ ಸೆಕೆಂಡು, ನಡುನಡುವಿನ ನಿಲುಗಡೆಗಳಿಗೆ ಒಟ್ಟು ಮೂರು ಸೆಕೆಂಡು ಬಿಟ್ಟರೆ ಉಳಿಯುವುದು 24. ಅಂದರೆ 144 ಅಕ್ಷರ. ಅದೇ ನಿಮ್ಮ ಬಂಡವಾಳ.

ಈಗ ಒಂದು ಹಾಸಿಗೆ ಜಾಹೀರಾತನ್ನು ತೆಗೆದುಕೊಳ್ಳೋಣ. ಶುರುವಿನ ಸಾಲು: “ಎದ್ದ ಕೂಡಲೇ ಸೊಂಟ ಹಿಡಿದುಕೊಳ್ಳುತ್ತಾ? ವಯಸ್ಸಲ್ಲ, ಹಾಸಿಗೆ ನೋಡಿ.” ಇದು 22 ಅಕ್ಷರ, ನಾಲ್ಕು ಸೆಕೆಂಡಿಗೆ ಸ್ವಲ್ಪ ಕಡಿಮೆ. ಯೂಟ್ಯೂಬಿನಲ್ಲಿ ಸ್ಕಿಪ್ ಮಾಡಬಹುದಾದ ಜಾಹೀರಾತಿಗೆ ಸ್ಕಿಪ್ ಬಟನ್ ಬರುವುದು 5 ಸೆಕೆಂಡಿಗೆ. ಅಷ್ಟರೊಳಗೆ ಈ ಮಾತು ಮುಗಿದಿರುತ್ತದೆ, ಹಾಗಾಗಿ ಇದನ್ನು ಮುಟ್ಟುವುದು ಬೇಡ.

ಆಫರ್: “ಮೂವತ್ತು ರಾತ್ರಿ ಮಲಗಿ ನೋಡಿ, ಹಿಡಿಸದಿದ್ದರೆ ಪೂರ್ತಿ ಹಣ ವಾಪಸು. ಈ ತಿಂಗಳ ಕೊನೆಯವರೆಗೆ ಶೇಕಡಾ ಇಪ್ಪತ್ತು ರಿಯಾಯಿತಿ.” 43 ಅಕ್ಷರ. ಅದರ ಹಿಂದೆಯೇ “ಪರದೆಯ ಮೇಲಿರುವ ನಂಬರಿಗೆ ಇಂದೇ ಕರೆ ಮಾಡಿ,” 18. ಮೂರೂ ಸೇರಿ 83. ಹಾಗಾದರೆ ನಡುವಿನ ಮಾತಿಗೆ ಉಳಿದದ್ದು 61 ಅಕ್ಷರ.

ಆದರೆ ನಡುವೆ ಬರೆದಿರುವುದು ಇಷ್ಟು: “ಇಂದಿನ ಧಾವಂತದ ಬದುಕಿನಲ್ಲಿ ಒಳ್ಳೆಯ ನಿದ್ದೆ ಪ್ರತಿಯೊಬ್ಬರಿಗೂ ಅತ್ಯಂತ ಅಗತ್ಯ. ಹಳೆಯ ಹಾಸಿಗೆ ನಡುವೆ ಕುಸಿದಾಗ ಬೆನ್ನಿಗೆ ಆಧಾರವೇ ಸಿಗುವುದಿಲ್ಲ. ನಮ್ಮ ಹಾಸಿಗೆಯಲ್ಲಿವೆ ಮೂರು ಪದರಗಳು: ಮೇಲೆ ಮೆತ್ತನೆಯದು, ನಡುವೆ ಗಾಳಿಯಾಡುವಂಥದ್ದು, ಕೆಳಗೆ ಗಟ್ಟಿಯಾದದ್ದು. ಐದು ಅಳತೆಗಳಲ್ಲಿ, ಮೂರು ಬಣ್ಣಗಳಲ್ಲಿ ಲಭ್ಯ. ಸಾವಿರಾರು ಗ್ರಾಹಕರ ಮೆಚ್ಚುಗೆ, ನಿಮ್ಮ ನೆಮ್ಮದಿಯೇ ನಮ್ಮ ಗುರಿ.” ಒಟ್ಟು 132 ಅಕ್ಷರ. ಅರ್ಧಕ್ಕಿಂತ ಹೆಚ್ಚು ಹೋಗಲೇಬೇಕು. ಅಲ್ಲಿಗೆ ಇದು ಪದ ಉಜ್ಜುವ ಕೆಲಸವಲ್ಲ, ಇಡೀ ವಾಕ್ಯಗಳನ್ನು ತೆಗೆಯುವ ಕೆಲಸ ಎಂಬುದು ಸ್ಪಷ್ಟ.

ಯಾವ ವಾಕ್ಯ ಉಳಿಯಬೇಕು? ಶುರುವಿನ ಸಾಲು ಎಬ್ಬಿಸಿದ ಪ್ರಶ್ನೆಗೆ ಉತ್ತರ ಕೊಡುವ ವಾಕ್ಯ, ಮತ್ತು ಆ ಉತ್ತರದಿಂದ ನಿಮ್ಮ ವಸ್ತುವಿಗೆ ಕರೆತರುವ ವಾಕ್ಯ. ಇಲ್ಲಿ ಕೇಳುಗರಿಗೆ ಏಳುವ ಪ್ರಶ್ನೆ “ಹಾಸಿಗೆಗೂ ಸೊಂಟಕ್ಕೂ ಏನು ಸಂಬಂಧ?” ಅದಕ್ಕೆ ಉತ್ತರ ಎರಡನೆಯ ವಾಕ್ಯದಲ್ಲಿದೆ. ಅದನ್ನು ತೆಗೆದರೆ ಶುರುವಿನ ಸಾಲು ಪೂರ್ತಿ ಇದ್ದರೂ ಸತ್ತಂತೆ. ಕತ್ತರಿಸುವಾಗ ಆಗುವ ದೊಡ್ಡ ಅನಾಹುತ ಇದೇ ಎಂದು ನನ್ನ ಅಭಿಪ್ರಾಯ. ಎಳೆ ಹಿಡಿದಿರುವ ಆ ಸಾಲು ವಸ್ತುವಿನ ಬಗ್ಗೆ ಏನೂ ಹೇಳುವುದಿಲ್ಲವಾದ್ದರಿಂದ ಎಲ್ಲರ ಕತ್ತರಿಯೂ ಮೊದಲು ಅದರ ಮೇಲೇ ಬೀಳುತ್ತದೆ.

ಧಾವಂತದ ಬದುಕಿನ ವಾಕ್ಯ ಎರಡನೆಯ ಶುರುವಾತಿನಂತಿದೆ. ಮೊದಲೇ ಗಮನ ಸೆಳೆದಾಗಿದೆ, ಇದು ಬೇಡ. ಮೆಚ್ಚುಗೆ, ಗುರಿ ಎಂಬ ವಾಕ್ಯವನ್ನು ಬೇರೆ ಯಾವ ವಸ್ತುವಿನ ಜಾಹೀರಾತಿಗೂ ಅಂಟಿಸಬಹುದು, ಅದೂ ಬೇಡ. ಅಳತೆ, ಬಣ್ಣ ಪರದೆಯ ಮೇಲೆ ಕಾಣಲಿ. ಮೂರು ಪದರಗಳು ಮುಖ್ಯ, ಆದರೆ ಪದರ ಬಿಡಿಸಿ ತೋರಿಸುವ ಶಾಟ್ ಇದ್ದರೆ ವಿವರಣೆ ಅನಗತ್ಯ. ಅದರಿಂದ ಏನು ಸಿಗುತ್ತದೆ ಎಂಬುದನ್ನು ಮಾತ್ರ ಬಾಯಲ್ಲಿ ಹೇಳಿ. ಉಳಿದದ್ದು: “ಹಳೆಯ ಹಾಸಿಗೆ ನಡುವೆ ಕುಸಿದಾಗ ಬೆನ್ನಿಗೆ ಆಧಾರವೇ ಸಿಗುವುದಿಲ್ಲ. ನಮ್ಮ ಮೂರು ಪದರದ ಹಾಸಿಗೆ ಬೆನ್ನಿಗೆ ಉದ್ದಕ್ಕೂ ಆಧಾರ ಕೊಡುತ್ತದೆ.” 25, 24, ಕೂಡಿದರೆ 49.

ಮೊದಲಿನ 83ರ ಜೊತೆ ಸೇರಿಸಿದರೆ ಇಡೀ ಸ್ಕ್ರಿಪ್ಟ್ 132 ಆಯಿತು, 144ರಲ್ಲಿ ಇನ್ನೂ 12 ಅಕ್ಷರ ಮಿಕ್ಕಿದೆ. ‘ನಮ್ಮ’ ಇರುವಲ್ಲಿ ಬ್ರಾಂಡಿನ ಹೆಸರು ಕೂರಿಸಿದರೆ ಅದರಲ್ಲಿ ಎರಡು ಮೂರು ಹೋಗುತ್ತದೆ. ಮಿಕ್ಕದ್ದನ್ನು ಹಾಗೇ ಬಿಡಿ. ಆಫರಿಗೆ ಮೊದಲು ಒಂದು ಕ್ಷಣ ಮೌನವಿದ್ದರೆ ಆಫರ್ ಕಿವಿಗೆ ಬೇರೆಯಾಗಿಯೇ ಬೀಳುತ್ತದೆ.

ಆಫರಿನೊಳಗೂ ಕತ್ತರಿಸಲು ಜಾಗವಿರುತ್ತದೆ, ಆದರೆ ಎಚ್ಚರ ಬೇಕು. ‘ವಿಶೇಷ ಕೊಡುಗೆ’, ‘ಸುವರ್ಣಾವಕಾಶ’ ಮುಂತಾದ ಹೊದಿಕೆಗಳನ್ನು ಧೈರ್ಯವಾಗಿ ತೆಗೆಯಿರಿ. ಏನು ಸಿಗುತ್ತದೆ, ಯಾವ ಷರತ್ತಿನ ಮೇಲೆ, ಯಾವಾಗಿನವರೆಗೆ ಎಂಬ ಮೂರು ಉಳಿಯಬೇಕು. ‘ಹಿಡಿಸದಿದ್ದರೆ’ ಬಿಟ್ಟು “ಪೂರ್ತಿ ಹಣ ವಾಪಸು” ಅಂದರೆ ಸಮಯವೇನೋ ಉಳಿಯಿತು, ಆದರೆ ಹೇಳಿದ್ದು ಸುಳ್ಳಾಯಿತು. ಇಡೀ ಆಫರನ್ನು ಪರದೆಯ ಅಕ್ಷರಕ್ಕೆ ವರ್ಗಾಯಿಸುವುದನ್ನೂ ನಾನು ಒಪ್ಪುವುದಿಲ್ಲ. ಟಿವಿ ಹಾಕಿಟ್ಟು ಬೇರೆ ಕೆಲಸ ಮಾಡುವವರಿಗೆ ಕಿವಿಯೊಂದೇ ಇರುತ್ತದೆ, ಫೋನಿನಲ್ಲಿ ಸದ್ದಿಲ್ಲದೆ ನೋಡುವವರಿಗೆ ಕಣ್ಣೊಂದೇ. ಆಫರ್ ಎರಡೂ ಕಡೆ ಬೇಕು. ಫೋನ್ ನಂಬರ್ ಮಾತ್ರ ಬರಹದಲ್ಲಿದ್ದರೆ ಸಾಕು, ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ನಿಂತಿರಲಿ.

ದನಿಯ ವೇಗ ಏರಿಸಿ ಪಾರಾಗುವ ಆಸೆ ಬೇಡ. ಮೂಲ ಸ್ಕ್ರಿಪ್ಟ್ 215 ಅಕ್ಷರ, ನಿಲುಗಡೆ ಸೇರಿ ಸುಮಾರು 42 ಸೆಕೆಂಡು. ಅದನ್ನು ಮೂವತ್ತಕ್ಕೆ ಒತ್ತಿದರೆ ವೇಗ 1.4 ಪಟ್ಟಾಗುತ್ತದೆ, ಆಗ ಮೊದಲು ಕಲಸಿಹೋಗುವುದು ‘ಶೇಕಡಾ ಇಪ್ಪತ್ತು’ ಎಂಬ ಸಂಖ್ಯೆಯೇ. ಉಸಿರಾಟದ ಜಾಗಗಳನ್ನೆಲ್ಲ ಕತ್ತರಿಸಿ ಅಂಟಿಸಿದರೂ ಹಾಗೇ, ವಾಕ್ಯ ಎಲ್ಲಿ ಮುಗಿಯಿತು ಎಂದು ಗೊತ್ತಾಗುವುದಿಲ್ಲ. ರೆಕಾರ್ಡಿಂಗ್ ಅರ್ಧ ಸೆಕೆಂಡು ಹೆಚ್ಚಾದಾಗ ಅಲ್ಪ ಸ್ವಲ್ಪ ವೇಗ ಏರಿಸಿದರೆ ತೊಂದರೆಯಿಲ್ಲ.

ಇದೇ ಜಾಹೀರಾತು 15 ಸೆಕೆಂಡಿಗೂ ಬೇಕು ಎಂದು ಕೇಳಿದರೆ, ಆ 83 ಅಕ್ಷರಗಳೇ ಸುಮಾರು 14 ಸೆಕೆಂಡು ತಿನ್ನುತ್ತವೆ ಎಂಬುದನ್ನು ಜಾಹೀರಾತು ಮಾಡಿಸುತ್ತಿರುವವರಿಗೆ ತೋರಿಸಿ. ಅಲ್ಲಿ ಹಣ ವಾಪಸು ಅಥವಾ ರಿಯಾಯಿತಿ, ಎರಡರಲ್ಲಿ ಒಂದನ್ನು ಅವರೇ ಆರಿಸಬೇಕಾಗುತ್ತದೆ.

ಮುಗಿದ ಮೇಲೆ ಹೊಸ ಸ್ಕ್ರಿಪ್ಟನ್ನು ರೆಕಾರ್ಡ್ ಮಾಡಿ, ದೃಶ್ಯದ ಮೇಲೆ ಕೂರಿಸಿ ಮತ್ತೆ ಅಳೆಯಿರಿ. ಕೊನೆಯ ಪದ ಫೈಲಿನ ಅಂಚಿಗೆ ತಾಗುತ್ತಿದ್ದರೆ ಪ್ರಸಾರದಲ್ಲಿ ಬಾಲ ತುಂಡಾಗುವ ಅಪಾಯವಿದೆ, ಕನಿಷ್ಠ ಅರ್ಧ ಸೆಕೆಂಡು ಮೊದಲೇ ಮಾತು ನಿಲ್ಲಲಿ. ಆಮೇಲೆ ಸ್ಕ್ರಿಪ್ಟ್ ನೋಡಿರದ ಒಬ್ಬರಿಗೆ ಒಂದೇ ಸಲ ಕೇಳಿಸಿ, ಏನು ಮಾರುತ್ತಿದ್ದಾರೆ, ಏನು ಸಿಗುತ್ತದೆ, ಯಾವಾಗಿನವರೆಗೆ ಎಂದು ಕೇಳಿ. ಮೊದಲನೆಯದಕ್ಕೆ ತಡವರಿಸಿದರೆ ನಡುವಿನ ಕೊಂಡಿ ಕಳಚಿದೆ. ಉಳಿದೆರಡಕ್ಕೆ ತಡವರಿಸಿದರೆ ಆಫರ್ ಇನ್ನೂ ಅವಸರದಲ್ಲಿದೆ, ನಡುವಿನಿಂದ ಮತ್ತಷ್ಟು ಅಕ್ಷರ ತೆಗೆದು ಅದಕ್ಕೆ ಕೊಡಿ.