ಅಪ್ರೈಸಲ್ ಬೇರೆ, ವ್ಯಾಲ್ಯುಯೇಶನ್ ಬೇರೆ

"ಅಣ್ಣಾ, ನಾನು ಬಿಇ ಸಿವಿಲ್. ಮೈಸೂರಲ್ಲಿ ಆರು ವರ್ಷ ಬ್ಯಾಂಕ್ ಪ್ಯಾನಲ್ ವ್ಯಾಲ್ಯುಯರ್ ಹತ್ರ ಕೆಲಸ ಮಾಡಿದ್ದೀನಿ. ಮುಂದಿನ ತಿಂಗಳು ಸಂಸಾರ ಸಮೇತ ಆಕ್ಲೆಂಡಿಗೆ ಬರ್ತಿದ್ದೀನಿ. ಅಲ್ಲಿ ಮನೆ ಮಾರಿಸೋ ಏಜೆಂಟ್ ಆಗೋದು ಒಳ್ಳೇದಾ, ಮನೆ-ಜಾಗಕ್ಕೆ ಬೆಲೆ ಕಟ್ಟೋ ವ್ಯಾಲ್ಯುಯರ್ ಆಗೋದಾ? ಎರಡೂ ಒಟ್ಟಿಗೆ ಮಾಡಬಹುದಾ? ಚಳಿ ತಡೆಯೋಕಾಗುತ್ತಾ?"

ಚಳಿ ತಡೆಯಬಹುದು. ಮನೆಯೊಳಗಿನ ಥಂಡಿಯೇ ಹೊರಗಿನದಕ್ಕಿಂತ ಜಾಸ್ತಿ, ಒಳ್ಳೆ ರಗ್ಗು ತನ್ನಿ.

ನಾನು 2012ರ ಜೂನ್‌ನಲ್ಲಿ ಬಂದಿಳಿದಾಗ ಈ ಪ್ರಶ್ನೆ ಕೇಳೋಕೂ ಯಾರೂ ಗೊತ್ತಿರಲಿಲ್ಲ. ಊರಲ್ಲಿ ಸೈಟು ಕೊಡಿಸಿ ಗೊತ್ತಿತ್ತು, ಇಲ್ಲೂ ಅದೇ ಮಾಡೋಣ ಅಂದುಕೊಂಡೆ. ಬೇಗ ಸಿಗುವುದು ಏಜೆಂಟ್ ದಾರಿಯೇ. ಇಲ್ಲಿ ನ್ಯೂಜಿಲೆಂಡ್‌ನಲ್ಲಿ 2008ರ ರಿಯಲ್ ಎಸ್ಟೇಟ್ ಏಜೆಂಟ್ಸ್ ಆಕ್ಟ್ ಇದೆ, ಲೈಸೆನ್ಸ್ ಕೊಡುವುದು ರಿಯಲ್ ಎಸ್ಟೇಟ್ ಅಥಾರಿಟಿ. ಮೊದಲ ಮೆಟ್ಟಿಲು ಸೇಲ್ಸ್‌ಪರ್ಸನ್. ಅದಕ್ಕೆ ಲೆವೆಲ್ 4 ಸರ್ಟಿಫಿಕೇಟ್ ಬೇಕು, ಓದು ಕೆಲವು ತಿಂಗಳದ್ದು. 18 ತುಂಬಿರಬೇಕು, ಕಳೆದ ಹತ್ತು ವರ್ಷದಲ್ಲಿ ಮೋಸದ ಕೇಸಿನಲ್ಲಿ ಶಿಕ್ಷೆ ಆಗಿರಬಾರದು, ನಡತೆ ಸರಿ ಇದೆ ಅಂತ ಅವರಿಗೆ ಅನ್ನಿಸಬೇಕು. ವರ್ಷ ವರ್ಷ ನವೀಕರಣ.

ಆದರೆ ಈ ಲೈಸೆನ್ಸ್ ಬಂದರೂ ನೀವು ಸ್ವಂತ ಬೋರ್ಡು ಹಾಕುವ ಹಾಗಿಲ್ಲ. ಒಬ್ಬ ಲೈಸೆನ್ಸ್ ಇರುವ ಏಜೆಂಟಿನ ಕೆಳಗೇ ಕೆಲಸ ಮಾಡಬೇಕು, ಅವರೋ ಬ್ರಾಂಚ್ ಮ್ಯಾನೇಜರೋ ನಿಮ್ಮ ಮೇಲುಸ್ತುವಾರಿ ನೋಡಬೇಕು. ಸ್ವಂತ ಏಜೆಂಟ್ ಆಗಲು ಡಿಪ್ಲೊಮಾ ಮತ್ತು ಮೂರು ವರ್ಷದ ಅನುಭವ ಬೇಕು. ಹೆಚ್ಚಿನ ಸೇಲ್ಸ್‌ಪರ್ಸನ್‌ಗಳಿಗೆ ಸಂಬಳ ಇಲ್ಲ, ಕಮಿಷನ್ ಮಾತ್ರ. ನನಗೆ ಮೊದಲ ಕಮಿಷನ್ ಬರಲು ಏಳು ತಿಂಗಳು ಹಿಡಿಯಿತು, ಅಲ್ಲಿವರೆಗೆ ಮನೆ ನಡೆದದ್ದು ಹೆಂಡತಿಯ ಸಂಬಳದಲ್ಲಿ. ಇನ್ನೊಂದು ಮಾತು. "ನಮ್ಮೋರಿಗೆ ಒಂದು ಮನೆ ತೋರಿಸಿ ಸಾವಿರ ಡಾಲರ್ ತಗೊಳ್ಳೋಣ" ಅನ್ನುವುದು ಊರಲ್ಲಿ ನಡೆದೀತು. ಇಲ್ಲಿ ಲೈಸೆನ್ಸ್ ಇಲ್ಲದೆ ದುಡ್ಡಿಗಾಗಿ ಇನ್ನೊಬ್ಬರ ಮನೆ ಮಾರಿಸುವುದು ಅಪರಾಧ.

ವ್ಯಾಲ್ಯುಯರ್ ಕಾನೂನು ಇನ್ನೂ ಹಳೆಯದು, 1948ರದು. ಅದಕ್ಕೆ ವ್ಯಾಲ್ಯುಯರ್ಸ್ ರಿಜಿಸ್ಟ್ರೇಷನ್ ಬೋರ್ಡ್ ಇದೆ. ಬೋರ್ಡು ಒಪ್ಪಿದ ಡಿಗ್ರಿ ಬೇಕು. ಆಕ್ಲೆಂಡ್, ಮ್ಯಾಸಿ, ಲಿಂಕನ್ ವಿಶ್ವವಿದ್ಯಾಲಯಗಳಲ್ಲಿ ಆ ಓದು ಇದೆ. ನಿಮ್ಮ ಬಿಇ ಒಂದನ್ನೇ ನಂಬಿಕೊಂಡು ಬರಬೇಡಿ. ಡಿಗ್ರಿ ಆದ ಮೇಲೆ ಮೂರು ವರ್ಷ ಬೆಲೆ ಕಟ್ಟುವ ಕೆಲಸವನ್ನೇ ಮಾಡಿರಬೇಕು. ಆಮೇಲೆ ನೀವು ಬರೆದ ವರದಿಗಳನ್ನು ತರಿಸಿ ನೋಡುತ್ತಾರೆ, ಎದುರು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಪಾಸಾದರೆ "ರಿಜಿಸ್ಟರ್ಡ್ ವ್ಯಾಲ್ಯುಯರ್" ಅಂತ ಬರೆದುಕೊಳ್ಳಬಹುದು. ಕೆಲಸ ಮುಂದುವರಿಸಲು ಪ್ರತಿ ವರ್ಷ ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್ ತಗೊಳ್ಳಬೇಕು. ರಿಜಿಸ್ಟರ್ ಆಗದವನು ಆ ಹೆಸರು ಹಾಕಿಕೊಂಡರೆ ತಪ್ಪು. ಸಾಲ ಕೊಡುವ ಬ್ಯಾಂಕು ವರದಿ ಬೇಕು ಅಂದಾಗ ಕೇಳುವುದು ಆ ಸಹಿಯನ್ನೇ.

ಏಜೆಂಟ್ ಕೂಡ ಬೆಲೆ ಹೇಳುತ್ತಾನಲ್ಲ, ವ್ಯತ್ಯಾಸ ಏನು ಅಂತ ನೀವು ಕೇಳಬಹುದು. ಅದನ್ನು ನಾನು ಕಲಿತದ್ದು ಸ್ನೇಹಿತನೊಬ್ಬನ ದುಡ್ಡಿನಲ್ಲಿ.

ಏಜೆಂಟ್ ಕೊಡುವುದು ಅಪ್ರೈಸಲ್. ಮನೆ ಮಾರಾಟಕ್ಕೆ ತಗೊಳ್ಳುವ ಮುಂಚೆ ಅದನ್ನು ಬರವಣಿಗೆಯಲ್ಲೇ ಕೊಡಬೇಕು, ಅಕ್ಕಪಕ್ಕ ಇತ್ತೀಚೆಗೆ ಮಾರಾಟವಾದ ಅಂಥದೇ ಮನೆಗಳನ್ನು ಆಧಾರವಾಗಿ ತೋರಿಸಬೇಕು. ಮಾರುಕಟ್ಟೆಗೆ ಇಟ್ಟರೆ ಎಷ್ಟು ಬಂದೀತು ಅನ್ನುವ ಅಂದಾಜು ಅದು, ಅಷ್ಟೇ.

2014ರಲ್ಲಿ ಸ್ನೇಹಿತ ಮತ್ತು ಅವನ ಅಣ್ಣ ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ಅರ್ಧರ್ಧ ಪಾಲಿನಲ್ಲಿ ಒಂದು ಮನೆ ಇಟ್ಟುಕೊಂಡಿದ್ದರು. ಅಣ್ಣ ಪೂರ್ತಿ ತಾನೇ ಇಟ್ಟುಕೊಳ್ಳುತ್ತೇನೆ ಅಂದ. "ವ್ಯಾಲ್ಯುಯರ್‌ಗೆ ಸುಮ್ನೆ ಯಾಕೆ ದುಡ್ಡು, ನೀನೇ ಒಂದು ಬೆಲೆ ಬರೆದುಕೊಡು, ಮನೆಯವನಲ್ವಾ" ಅಂದರು. ಅವರ ಮನೆಯಲ್ಲಿ ಬಿಸಿಬೇಳೆಬಾತ್ ಉಂಡು ಬಂದು ರಾತ್ರಿಯೇ ಬರೆದೆ. ಅದೇ ರಸ್ತೆಯ ಮೂರು ಮಾರಾಟ ಹಿಡಿದೆ: 6,10,000, 6,35,000, 6,60,000 ಡಾಲರ್. ಮೂರಕ್ಕೂ ಮೂರು ಬೆಡ್‌ರೂಮ್, ಅದೇ ಕಾಲದ ಹಲಗೆ ಗೋಡೆ. ನಡುವೆ 6,40,000 ಅಂತ ಬರೆದೆ. ಅವರು ಆ ಕಾಗದದ ಮೇಲೆ ಪಾಲು ಮಾಡಿಕೊಂಡರು. ಸ್ನೇಹಿತನಿಗೆ 3,20,000 ಬಂತು.

ಮೂರು ವಾರಕ್ಕೆ ಅಣ್ಣನ ಸಾಲಕ್ಕಾಗಿ ಬ್ಯಾಂಕು ರಿಜಿಸ್ಟರ್ಡ್ ವ್ಯಾಲ್ಯುಯರ್‌ನಿಂದ ವರದಿ ತರಿಸಿತು. ಅವರು ಕಟ್ಟಿದ ಬೆಲೆ 7,50,000. ಅಣ್ಣ ಹೇಳಲಿಲ್ಲ. ವರ್ಷದ ಮೇಲೆ ಅತ್ತಿಗೆಯ ಬಾಯಿಂದ ಹೊರಬಿತ್ತು.

ಆ ವರದಿ ತರಿಸಿಕೊಂಡು ಓದಿದೆ. ಎರಡನೇ ಪುಟದಲ್ಲೇ ನನ್ನ ತಪ್ಪು ಇತ್ತು. ನಾನು ಹಿಡಿದ ಮೂರೂ ಮನೆ ಕ್ರಾಸ್ ಲೀಸ್. ಅಂದರೆ ಒಂದೇ ನೆಲಕ್ಕೆ ಇಬ್ಬರು ಮೂವರು ಪಾಲುದಾರರು, ಪ್ರತಿಯೊಬ್ಬರಿಗೂ ತಮ್ಮ ಮನೆಯ ಮೇಲೆ 999 ವರ್ಷದ ಲೀಸು. ಗೋಡೆ ಮುಂದಕ್ಕೆ ತರಬೇಕಾದರೂ ಪಕ್ಕದವರ ಒಪ್ಪಿಗೆ ಬೇಕು. ಸ್ನೇಹಿತನದು ಒಂಟಿ ಫ್ರೀಹೋಲ್ಡ್, ನೆಲ ಪೂರ್ತಿ ಅವರದೇ, 809 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎಂಟು ಗುಂಟೆ. ಹಿತ್ತಲಲ್ಲಿ ಇನ್ನೊಂದು ಮನೆ ಏಳುವಷ್ಟು ಜಾಗ. ವ್ಯಾಲ್ಯುಯರ್ ಮೊದಲು ಟೈಟಲ್, ಅಂದರೆ ಆಸ್ತಿಯ ಹಕ್ಕಿನ ದಾಖಲೆ, ಓದಿದ್ದರು, ಆಮೇಲೆ ಆ ಜಾಗದಲ್ಲಿ ಏನು ಕಟ್ಟಲು ಕೌನ್ಸಿಲ್ ಬಿಡುತ್ತದೆ ಅಂತ ನೋಡಿದ್ದರು, ಕೊನೆಗೆ ಮನೆ. ನಾನು ಬರೀ ಮನೆ ನೋಡಿದ್ದೆ. ಊರಲ್ಲಿ ಇಸಿ, ಖಾತೆ ನೋಡದೆ ಅಡ್ವಾನ್ಸ್ ಕೊಡಿಸದವನು ಇಲ್ಲಿ ಟೈಟಲ್ ತೆಗೆಸಲಿಲ್ಲ.

ಅರ್ಧ ಅಂದರೆ 3,75,000. ಸ್ನೇಹಿತ ಕಳೆದುಕೊಂಡದ್ದು 55,000 ಡಾಲರ್. ಅವನು ನನ್ನ ಮೇಲೆ ಅಥಾರಿಟಿಗೆ ದೂರು ಕೊಡಬಹುದಿತ್ತು, ಕೊಡಲಿಲ್ಲ. "ಬಿಡೋ" ಅಂದ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಟೈಟಲ್ ಸರಿಯಾಗಿ ನೋಡಿದ್ದರೂ ಆ ಕೆಲಸಕ್ಕೆ ನನ್ನ ಕಾಗದ ಸಲ್ಲುತ್ತಿರಲಿಲ್ಲ. ವ್ಯಾಲ್ಯುಯೇಶನ್ ವರದಿಯಲ್ಲಿ ಯಾರಿಗಾಗಿ, ಯಾವ ಉದ್ದೇಶಕ್ಕೆ, ಯಾವ ದಿನದ ಬೆಲೆ ಅಂತ ಬರೆದಿರುತ್ತದೆ, ಅದಕ್ಕೆ ಸಹಿ ಮಾಡಿದವರು ಜವಾಬ್ದಾರರು. ಪಾಲು, ವಿಚ್ಛೇದನ, ಸರ್ಕಾರ ಜಮೀನು ತಗೊಂಡಾಗಿನ ಪರಿಹಾರ, ಇವಕ್ಕೆ ಬೇಕಾದದ್ದು ಅದು. ಕೌನ್ಸಿಲ್ ಕಂದಾಯದ ಚೀಟಿಯಲ್ಲಿರುವ ಬೆಲೆಯೂ ಸಾಲದು. ಅದು ನಮ್ಮ ಗೈಡೆನ್ಸ್ ವ್ಯಾಲ್ಯೂ ಥರ, ಯಾರೂ ಒಳಗೆ ಬಂದು ನೋಡಿ ಹಾಕಿದ್ದಲ್ಲ.

ಎರಡೂ ಒಟ್ಟಿಗೆ ಮಾಡಬಹುದಾ ಅಂದಿರಿ. ಎರಡೂ ಕಾಗದ ಕೈಯಲ್ಲಿದ್ದರೂ, ನೀವು ಮಾರಿಸುವ ಮನೆಗೆ ನೀವೇ ಸ್ವತಂತ್ರ ವ್ಯಾಲ್ಯುಯರ್ ಆಗಲು ಬರುವುದಿಲ್ಲ. ಏಜೆಂಟ್ ಕಾನೂನು ಇದನ್ನು ಒಂದು ಕಡೆ ಗಟ್ಟಿಯಾಗಿ ಹಿಡಿದಿದೆ. ನೀವು ಮಾರಿಸಲು ತಗೊಂಡ ಮನೆಯನ್ನು ನೀವೋ, ನಿಮ್ಮ ಹೆಂಡತಿಯೋ, ತಮ್ಮನೋ ಕೊಳ್ಳಬೇಕಾದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಜೊತೆಗೆ ನಿಮ್ಮ ಖರ್ಚಿನಲ್ಲಿ ಸ್ವತಂತ್ರ ರಿಜಿಸ್ಟರ್ಡ್ ವ್ಯಾಲ್ಯುಯರ್ ಕೈಲಿ ಬೆಲೆ ಕಟ್ಟಿಸಿ ಅವರಿಗೆ ಕೊಡಬೇಕು. ಇಲ್ಲದಿದ್ದರೆ ಮಾಲೀಕರು ಕರಾರು ರದ್ದು ಮಾಡಬಹುದು. ನಮ್ಮ ಜನ "ಮನೆ ಮನೆಯಲ್ಲೇ ಆಗಲಿ" ಅನ್ನುತ್ತಾರೆ, ಆಗ ಇದನ್ನು ನೆನಪಿಡಿ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ವ್ಯಾಲ್ಯುಯರ್ ದಾರಿ ಹಿಡಿಯುತ್ತಿದ್ದೆ. ಆರು ವರ್ಷ ಅಳೆದು, ವರದಿ ಟೈಪ್ ಮಾಡಿದ ಕೈ ನಿಮ್ಮದು. ವಿಟಿಯು ಅಂಕಪಟ್ಟಿ, ಸಿಲಬಸ್, ನೀವು ತಯಾರಿಸಿದ ವರದಿಗಳ ಪಟ್ಟಿ, ಸಾಹೇಬರ ಪತ್ರ ಎಲ್ಲ ಅಲ್ಲಿಂದಲೇ ತನ್ನಿ. ಬೋರ್ಡಿಗೆ ಬರೆದು, ಯಾವ ಓದು ಬಾಕಿ ಅಂತ ಕೇಳಿ. ಆಮೇಲೆ ವ್ಯಾಲ್ಯುಯೇಶನ್ ಆಫೀಸಿನಲ್ಲಿ ಸಹಾಯಕನ ಕೆಲಸ ಹುಡುಕಿ, ಸಂಬಳ ಕಮ್ಮಿಯಾದರೂ ಪರವಾಗಿಲ್ಲ.

ಬಂದ ಮೇಲೆ ಒಂದು ಭಾನುವಾರ ನನ್ನ ಜೊತೆ, ಮಾರಾಟದ ಮನೆಯನ್ನು ಎಲ್ಲರಿಗೂ ತೆರೆದು ತೋರಿಸುವ ಓಪನ್ ಹೋಮ್‌ಗೆ ಬನ್ನಿ. ಒಳಗೆ ಹೋಗುವ ಮುಂಚೆ ಕಾರಿನಲ್ಲೇ ಕೂತು ಟೈಟಲ್ ಓದೋಣ.