ಕ್ಲಿನಿಕ್ ತ್ಯಾಜ್ಯ: ಯಾವುದು ಯಾವ ಬಣ್ಣಕ್ಕೆ, ಏಕೆ

ಪ್ರಶ್ನೆ: ನಮ್ಮದು ಹಾಸಿಗೆಗಳಿಲ್ಲದ ಸಣ್ಣ ಕ್ಲಿನಿಕ್. ರಕ್ತ ತಾಗಿದ್ದನ್ನೆಲ್ಲ ಹಳದಿ ಚೀಲಕ್ಕೆ ಹಾಕಿ ಕಳಿಸಿಬಿಟ್ಟರೆ ಸುರಕ್ಷಿತವಲ್ಲವೇ? ಕೆಂಪು, ಬಿಳಿ, ನೀಲಿ ಎಂದು ಇಷ್ಟೊಂದು ಬೇರ್ಪಡಿಸಲೇಬೇಕೇ?

ಸುರಕ್ಷಿತವಲ್ಲ, ಬೇರ್ಪಡಿಸಲೇಬೇಕು. ಹೊರರೋಗಿ ಕ್ಲಿನಿಕ್‌ಗಳಲ್ಲಿ 14 ವರ್ಷ ನರ್ಸ್ ಆಗಿ ಕೆಲಸ ಮಾಡಿದ ನಾನು ಮೊದಲ ಕೆಲವು ವರ್ಷ ನಿಮ್ಮ ಹಾಗೆಯೇ ಯೋಚಿಸುತ್ತಿದ್ದೆ. ಹಳದಿ ಎಂದರೆ ಅತಿ ಅಪಾಯಕಾರಿ, ಕೆಂಪು ಎಂದರೆ ಸ್ವಲ್ಪ ಕಡಿಮೆ ಎಂಬ ಕಲ್ಪನೆ ನನ್ನಲ್ಲಿತ್ತು. ಆದರೆ ಬಣ್ಣಕ್ಕೂ ಅಪಾಯದ ಪ್ರಮಾಣಕ್ಕೂ ಸಂಬಂಧವಿಲ್ಲ. ನಿಮ್ಮ ಬಾಗಿಲಿನಿಂದ ಹೊರಟ ತ್ಯಾಜ್ಯವನ್ನು ಸಾಮೂಹಿಕ ಸಂಸ್ಕರಣಾ ಘಟಕದಲ್ಲಿ ಸುಡಬೇಕೇ, ಹಬೆಯಲ್ಲಿ ಬೇಯಿಸಬೇಕೇ ಎಂಬುದನ್ನು ಅಲ್ಲಿನ ಕೆಲಸಗಾರನಿಗೆ ತಿಳಿಸುವ ಗುರುತು ಆ ಬಣ್ಣ. ಅವನು ಚೀಲವನ್ನು ಬಿಚ್ಚಿ ನೋಡುವುದಿಲ್ಲ, ನೋಡಲೂಬಾರದು.

ನಮ್ಮ ದೇಶದಲ್ಲಿ ಈಗ ಜಾರಿಯಲ್ಲಿರುವುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಮತ್ತು ಅವಕ್ಕೆ ನಂತರ ಆದ ತಿದ್ದುಪಡಿಗಳು. ಇವುಗಳ ಪ್ರಕಾರ ಹಳದಿ ಚೀಲ ಮುಖ್ಯವಾಗಿ ಸುಡುವ ಕುಲುಮೆಗೆ ಹೋಗುತ್ತದೆ. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಆಟೋಕ್ಲೇವ್‌ನಲ್ಲಿ ಅಥವಾ ಮೈಕ್ರೋವೇವ್‌ನಲ್ಲಿ ರೋಗಾಣುಮುಕ್ತಗೊಳಿಸಿ, ಚೂರು ಮಾಡಿ, ಮರುಬಳಕೆಗೆ ಕಳಿಸುತ್ತಾರೆ. ಬಿಳಿ ಡಬ್ಬಿಯಲ್ಲಿ ಚುಚ್ಚುವ ಮತ್ತು ಕೊಯ್ಯುವ ಲೋಹದ ವಸ್ತುಗಳು, ನೀಲಿ ಗುರುತಿನ ಡಬ್ಬಿಯಲ್ಲಿ ಗಾಜು ಇರಬೇಕು. ಹೀಗಿರುವಾಗ ಐವಿ ಸೆಟ್ಟಿನ ಕೊಳವೆಯನ್ನು ಹಳದಿ ಚೀಲಕ್ಕೆ ಹಾಕಿದರೆ ಅದು ಕುಲುಮೆಗೆ ಹೋಗುತ್ತದೆ. ಇಂಥ ಕೊಳವೆಗಳನ್ನು ಸಾಮಾನ್ಯವಾಗಿ ಪಿವಿಸಿಯಿಂದ ಮಾಡಿರುತ್ತಾರೆ. ಅದರಲ್ಲಿರುವ ಕ್ಲೋರಿನ್ ಸುಡುವಾಗ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಬರುವುದಲ್ಲದೆ, ಡಯಾಕ್ಸಿನ್ ಎಂಬ ಅತಿ ವಿಷಕಾರಿ ಸಂಯುಕ್ತಗಳು ಉಂಟಾಗಲೂ ಕಾರಣವಾಗುತ್ತದೆ. ಕುಲುಮೆಯ ಎರಡನೆಯ ಕೋಣೆಯಲ್ಲಿ ಸುಮಾರು 1050 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕೆಂದು ನಿಯಮವಿದ್ದರೂ, ಕ್ಲೋರಿನ್ ಇರುವ ಪ್ಲಾಸ್ಟಿಕ್ ಅಲ್ಲಿಗೆ ಬಾರದಂತೆ ತಡೆಯಬೇಕಾದವರು ನಾವೇ. ಚೀಲಗಳೂ ಕ್ಲೋರಿನ್‌ರಹಿತ ಪ್ಲಾಸ್ಟಿಕ್‌ನವೇ ಆಗಿರಬೇಕೆಂಬ ನಿಯಮದ ಹಿಂದಿರುವುದೂ ಇದೇ ಕಾರಣ.

ಒಬ್ಬ ರೋಗಿಯ ಉದಾಹರಣೆ ತೆಗೆದುಕೊಳ್ಳೋಣ. ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿ, ಒಂದು ಇಂಜೆಕ್ಷನ್ ಕೊಟ್ಟು, ಒಂದು ಬಾಟಲಿ ಸಲೈನ್ ಹಾಕಿ ಕಳಿಸಿದಿರಿ. ಆಂಪೂಲ್ ಒಡೆದಾಗ ಉಳಿದ ಗಾಜಿನ ಎರಡೂ ತುಂಡುಗಳು ನೀಲಿ ಗುರುತಿನ ಡಬ್ಬಿಗೆ ಹೋಗುತ್ತವೆ. ಇಂಜೆಕ್ಷನ್ ಕೊಟ್ಟ ಕೂಡಲೇ ಸೂಜಿಗೆ ಮುಚ್ಚಳ ಹಾಕದೆ ಸಿರಿಂಜನ್ನು ನೇರವಾಗಿ ಹಬ್ ಕಟರ್‌ಗೆ ಒಯ್ಯಬೇಕು. ಅದು ಸೂಜಿಯ ಜೊತೆಗೆ ಸಿರಿಂಜಿನ ತುದಿಯನ್ನೂ ಕತ್ತರಿಸುವುದರಿಂದ, ಆ ಸಿರಿಂಜನ್ನು ಯಾರೂ ತೊಳೆದು ಮತ್ತೆ ಬಳಸಲಾರರು. ಕತ್ತರಿಸಿದ ಸೂಜಿ ಬಿಳಿ ಡಬ್ಬಿಗೂ ಉಳಿದ ಸಿರಿಂಜು ಕೆಂಪು ಚೀಲಕ್ಕೂ ಸೇರಬೇಕು. ಇನ್ಸುಲಿನ್ ಸಿರಿಂಜಿನಂತೆ ಸೂಜಿ ಅಂಟಿಕೊಂಡೇ ಇರುವ ಸಿರಿಂಜಾದರೆ ಇಡಿಯಾಗಿ ಬಿಳಿ ಡಬ್ಬಿಗೆ ಹಾಕಿ.

ಸಲೈನಿಗೆಂದು ಕ್ಯಾನುಲಾ ಚುಚ್ಚಿದಾಗ ಹೊರತೆಗೆದ ಉಕ್ಕಿನ ಸೂಜಿಯೂ ಅದೇ ಕ್ಷಣ ಬಿಳಿ ಡಬ್ಬಿಗೆ ಹೋಗಬೇಕು. ಟ್ರೇಯಲ್ಲಿಟ್ಟು ಆಮೇಲೆ ನೋಡೋಣ ಎಂದರೆ ಅದು ಹತ್ತಿಯೊಳಗೆ ಸೇರಿ ಮರೆಯಾಗುತ್ತದೆ. ಡ್ರಿಪ್ ಮುಗಿದ ಮೇಲೆ ತೆಗೆದ ಪ್ಲಾಸ್ಟಿಕ್ ಕ್ಯಾನುಲಾ, ಕತ್ತರಿಸಿದ ಕೊಳವೆ, ಖಾಲಿ ಪ್ಲಾಸ್ಟಿಕ್ ಬಾಟಲಿ ಮತ್ತು ನಿಮ್ಮ ಗ್ಲೌಸ್ ಕೆಂಪು ಚೀಲಕ್ಕೆ ಸೇರುತ್ತವೆ. ಐವಿ ಸೆಟ್ಟಿನ ಚೂಪಾದ ಪ್ಲಾಸ್ಟಿಕ್ ತುದಿಯನ್ನು ನಾನು ಬಾಟಲಿಯಲ್ಲೇ ಬಿಟ್ಟು ಹಾಕುತ್ತೇನೆ, ಏಕೆಂದರೆ ಹೊರಗೆ ತೆಗೆದರೆ ಅದು ಚೀಲವನ್ನು ತೂತು ಮಾಡುತ್ತದೆ. ರಕ್ತ ಅಥವಾ ಕೀವು ತಾಗಿದ ಹತ್ತಿ, ಗಾಜ್ ಬಟ್ಟೆ, ಹಳೆಯ ಬ್ಯಾಂಡೇಜ್ ಹಳದಿ ಚೀಲಕ್ಕೆ ಹೋಗುತ್ತವೆ. ಬಳಸಿದ ಮಾಸ್ಕ್ ಕೂಡ ಹಳದಿಗೇ. ಸಿರಿಂಜಿನ ಹೊದಿಕೆ, ಔಷಧದ ರಟ್ಟಿನ ಪೆಟ್ಟಿಗೆ ಮುಂತಾದ ಏನೂ ತಾಗದ ವಸ್ತುಗಳು ಸಾಮಾನ್ಯ ಕಸ. ಅವನ್ನು ಈ ನಾಲ್ಕರಲ್ಲಿ ಯಾವುದಕ್ಕೂ ಹಾಕಬೇಡಿ.

ಹೆಚ್ಚು ಹಾನಿ ಮಾಡುವ ತಪ್ಪು ಕೆಂಪು ಚೀಲದಲ್ಲಿ ಸೂಜಿ ಉಳಿಯುವುದು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಇದು ನಮ್ಮ ಕಣ್ಣೆದುರಿಗೇ ಆಯಿತು. ಸಂಜೆಯ ಗಡಿಬಿಡಿಯಲ್ಲಿ ಯಾರೋ ಸೂಜಿಗೆ ಮುಚ್ಚಳ ಹಾಕಿ ಸಿರಿಂಜನ್ನು ಹಾಗೆಯೇ ಕೆಂಪು ಚೀಲಕ್ಕೆ ಎಸೆದಿದ್ದರು. ಚೀಲ ಬಾಯಿತನಕ ತುಂಬಿದ್ದರಿಂದ ಸಹಾಯಕಿ ಅದನ್ನು ಒತ್ತಿ ಕಟ್ಟಿದರು. ಒಳಗೆ ಮುಚ್ಚಳ ಕಳಚಿತ್ತು, ಚೀಲ ಎತ್ತುವಾಗ ಸೂಜಿ ಅವರ ತೊಡೆಗೆ ಚುಚ್ಚಿತು. ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆಸಿ, ಅರ್ಧ ಗಂಟೆಯೊಳಗೆ ಎಚ್‌ಐವಿ ತಡೆ ಔಷಧ ದೊರೆಯುವ ಆಸ್ಪತ್ರೆಗೆ ಕರೆದೊಯ್ದೆವು. ಆ ಔಷಧವನ್ನು ಆದಷ್ಟು ಬೇಗ, ಸಾಧ್ಯವಾದರೆ 2 ಗಂಟೆಯೊಳಗೆ ಆರಂಭಿಸಬೇಕು; 72 ಗಂಟೆ ಕಳೆದರೆ ಅದರಿಂದ ಪ್ರಯೋಜನ ನಿರೀಕ್ಷಿಸಲಾಗದು. ಸೂಜಿ ಯಾವ ರೋಗಿಯದೆಂದು ಗೊತ್ತಿಲ್ಲದ ಕಾರಣ ಅವರು ತಿಂಗಳುಗಟ್ಟಲೆ ರಕ್ತಪರೀಕ್ಷೆಗಳಿಗೆ ಓಡಾಡಬೇಕಾಯಿತು. ಸೋಂಕು ತಗಲಿರಲಿಲ್ಲ, ಆದರೆ ಆ ತಿಂಗಳುಗಳಲ್ಲಿ ಅವರ ಮುಖ ನೋಡುವುದೇ ನನಗೆ ಕಷ್ಟವಾಗಿತ್ತು. ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆಂದು ನಿಯಮದಲ್ಲೇ ಇದೆ. ನಿಮ್ಮ ಸಹಾಯಕರಿಗೆ ಹಾಕಿಸದಿದ್ದರೆ ಈ ವಾರವೇ ಹಾಕಿಸಿ.

ಅಂದಿನಿಂದ ನಾನು ಮೂರು ವಿಷಯಗಳಲ್ಲಿ ರಾಜಿ ಮಾಡಿಕೊಂಡಿಲ್ಲ. ಚೀಲ ಮತ್ತು ಡಬ್ಬಿಗಳನ್ನು ಮುಕ್ಕಾಲು ತುಂಬಿದಾಗಲೇ ಮುಚ್ಚಬೇಕು. ತಪ್ಪು ಚೀಲಕ್ಕೆ ಬಿದ್ದದ್ದನ್ನು ಹುಡುಕಿ ತೆಗೆಯಲು ಯಾರೂ ಕೈ ಹಾಕಬಾರದು. ಹಾಗಾದಾಗ ನಾನು ಆ ಚೀಲವನ್ನು ಒತ್ತದೆ ಕಟ್ಟಿ, ಒಳಗೆ ಸೂಜಿ ಇದೆ ಎಂದು ಮೇಲೆ ಬರೆದು, ಘಟಕದ ವಾಹನದವರಿಗೆ ಬಾಯಿಮಾತಿನಲ್ಲೂ ತಿಳಿಸುತ್ತೇನೆ. ರಕ್ತ ತಾಗಿದ ಹತ್ತಿಯಂಥ ಹಳದಿ ಚೀಲದ ತ್ಯಾಜ್ಯ 48 ಗಂಟೆಗಿಂತ ಹೆಚ್ಚು ಕಾಲ ಕ್ಲಿನಿಕ್‌ನಲ್ಲಿ ಉಳಿಯಬಾರದು. ಸಣ್ಣ ಕ್ಲಿನಿಕ್‌ಗೆ ವಾಹನ ದಿನವೂ ಬರದಿದ್ದರೆ, ಬರುವ ದಿನಗಳನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ವಿಂಗಡಣೆ ಸರಿಯಾಗಿ ನಡೆಯುತ್ತಿದೆಯೇ ಎಂದು ಚೀಲ ಬಿಚ್ಚದೆಯೇ ತಿಳಿಯಬಹುದು. ಪ್ರತಿ ಬಣ್ಣದ ತೂಕವನ್ನು ಹೇಗೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ರೋಗಿಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದ್ದು, ಒಂದು ವಾರ ಕೆಂಪಿನ ತೂಕ ಇಳಿದು ಹಳದಿಯದು ಏರಿದರೆ ಪ್ಲಾಸ್ಟಿಕ್ ಹಳದಿಗೆ ಹೋಗುತ್ತಿದೆ ಎಂದೇ ನಾನು ಅನುಮಾನಿಸುತ್ತೇನೆ. ನಮ್ಮಲ್ಲಿ ಹೀಗಾದಾಗ ಕಾರಣ ಹುಡುಕಿದರೆ, ಡ್ರೆಸ್ಸಿಂಗ್ ಮೇಜಿನ ಬಳಿ ಹಳದಿ ಬುಟ್ಟಿ ಮಾತ್ರ ಇದ್ದು, ಕೆಂಪು ಬುಟ್ಟಿ ಬಾಗಿಲ ಹಿಂದಿತ್ತು. ಎರಡನ್ನೂ ಮೇಜಿನ ಕೆಳಗೆ ಅಕ್ಕಪಕ್ಕದಲ್ಲಿಟ್ಟು, ಬಿಳಿ ಡಬ್ಬಿಯನ್ನು ಇಂಜೆಕ್ಷನ್ ಕೊಡುವವರ ಬಲಗೈ ಪಕ್ಕಕ್ಕೆ ತಂದ ಮೇಲೆ ತೂಕಗಳು ಮೊದಲಿನಂತಾದವು.