‘ಅದರಂತೆ ತಿದ್ದಲಾಗಿದೆ’ ಎಂದರೆ ಏನನ್ನು ತಿದ್ದಿದ್ದೀರಿ?

ಪ್ರಶ್ನೆ: ಮೇಡಂ, ನಾನು ಬೇಸಾಯಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ರಾಗಿಗೆ ಜೀವಾಮೃತ ಮತ್ತು ರಾಸಾಯನಿಕ ಗೊಬ್ಬರ ಕೊಟ್ಟ ಪ್ರಯೋಗದ ಲೇಖನ ‘ಮೇಜರ್ ರಿವಿಷನ್’ ಎಂದು ವಾಪಸ್ ಬಂದಿದೆ. ಇಬ್ಬರು ವಿಮರ್ಶಕರಿಂದ ಒಟ್ಟು 19 ಕಾಮೆಂಟ್. ನಾನು ಬರೆದ ಉತ್ತರ ಪತ್ರವನ್ನು ಗೈಡ್ ನೋಡಿ, ‘ವಿನಯ ಜಾಸ್ತಿಯಾಯಿತು, ವಿಷಯ ಕಡಿಮೆಯಾಯಿತು’ ಎಂದರು. ಪತ್ರವನ್ನೂ ಕಾಮೆಂಟುಗಳನ್ನೂ ಲಗತ್ತಿಸಿದ್ದೇನೆ. ಎಲ್ಲಿಂದ ತಿದ್ದಲಿ?

ಉತ್ತರ: ನಿಮ್ಮ ಗೈಡ್ ಸರಿಯಾಗಿಯೇ ಹೇಳಿದ್ದಾರೆ. 19 ಉತ್ತರಗಳಲ್ಲಿ 14 ಒಂದೇ ವಾಕ್ಯದಿಂದ ಶುರುವಾಗಿವೆ: ‘ಅಮೂಲ್ಯ ಸಲಹೆಗಾಗಿ ಗೌರವಾನ್ವಿತ ವಿಮರ್ಶಕ ಸರ್ ಅವರಿಗೆ ಧನ್ಯವಾದ, ಅದರಂತೆ ತಿದ್ದಲಾಗಿದೆ.’ ಧನ್ಯವಾದ ಪತ್ರದ ತಲೆಯಲ್ಲಿ ಒಮ್ಮೆ ಬಂದರೆ ಸಾಕು. ವಿಮರ್ಶಕರು ಸರ್ರೋ ಮೇಡಮ್ಮೋ ನಿಮಗೆ ಗೊತ್ತಿಲ್ಲವಾದ್ದರಿಂದ ‘ಸರ್’ ಕೂಡ ಬೇಡ. ಈ ಪತ್ರವನ್ನು ವಿಮರ್ಶಕರಿಗಿಂತ ಮೊದಲು ಓದುವವರು ಸಂಪಾದಕರು. ಒಂದು ಪತ್ರಿಕೆಯ ಸಂಪಾದಕ ಬಳಗದಲ್ಲಿ ಕೆಲಸ ಮಾಡಿದ್ದರಿಂದ ನಾನು ಹೇಗೆ ಓದುತ್ತೇನೆಂದು ಹೇಳುತ್ತೇನೆ. ಲೇಖನದ ಫೈಲನ್ನು ಪಕ್ಕಕ್ಕಿಟ್ಟು ಬರೀ ಪತ್ರವನ್ನು ಓದುತ್ತೇನೆ. ಏನು ಬದಲಾಯಿತೆಂದು ಅಷ್ಟರಲ್ಲೇ ತಿಳಿದರೆ ಸಂತೋಷ. ತಿಳಿಯದಿದ್ದರೆ ಲೇಖನ ಇನ್ನೊಂದು ಸುತ್ತಿಗೆ ವಿಮರ್ಶಕರ ಬಳಿ ಹೋಗುತ್ತದೆ.

ಎರಡನೇ ವಿಮರ್ಶಕರ ಮೂರನೇ ಕಾಮೆಂಟನ್ನೇ ಎತ್ತಿಕೊಳ್ಳೋಣ, ನಿಮ್ಮ ಲೇಖನದ ಹಣೆಬರಹ ಇರುವುದು ಅಲ್ಲಿ. ‘ಯಾವ ಪರೀಕ್ಷೆ ಬಳಸಿದ್ದೀರಿ, ಸಿ.ಡಿ. ಎಂದರೇನು? ಇಷ್ಟೊಂದು ಹೋಲಿಕೆಗಳಿಗೆ ಇದು ಸರಿಯೇ? ಒಂದೇ ಹಂಗಾಮಿನ ಫಲಿತಾಂಶದಿಂದ ರೈತರಿಗೆ ಶಿಫಾರಸು ಮಾಡಬಹುದೇ?’ ನೀವು ಇದಕ್ಕೆ ಒಂದೇ ಉತ್ತರ ಕೊಟ್ಟಿದ್ದೀರಿ. ಇಲ್ಲಿರುವುದು ಮೂರು ಪ್ರಶ್ನೆ. ಕಾಮೆಂಟಿನ ಒಂದು ಪದವನ್ನೂ ಬದಲಿಸದೆ ನಕಲು ಮಾಡಿ, 2.3 ಅ, ಆ, ಇ ಎಂದು ಒಡೆದು, ಪ್ರತಿಯೊಂದರ ಕೆಳಗೆ ಉತ್ತರ ಬರೆಯಿರಿ.

ಮೊದಲ ತುಂಡು ಸುಲಭದ್ದು. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕಣ್ಣು ಮುಚ್ಚಿ ಬರೆಯುವ ‘ಸಿ.ಡಿ.’ ಹೊರಗಿನವರಿಗೆ ಅಪರಿಚಿತ. ಎರಡು ಉಪಚಾರಗಳ ವ್ಯತ್ಯಾಸ ಸಿಗ್ನಿಫಿಕೆಂಟ್ ಎನ್ನಲು ದಾಟಬೇಕಾದ ಈ ಮಿತಿ ಅವರಿಗೆ ಫಿಶರ್ ಅವರ ಎಲ್‌ಎಸ್‌ಡಿ. ‘ಕ್ರಿಟಿಕಲ್ ಡಿಫರೆನ್ಸ್ ಎಂಬುದು ಫಿಶರ್ ಎಲ್‌ಎಸ್‌ಡಿಯ ಇನ್ನೊಂದು ಹೆಸರು, ಇದನ್ನು ವಿಧಾನದ ಭಾಗದಲ್ಲಿ ಸೇರಿಸಿದ್ದೇವೆ, ಸಾಲು 148’ ಎಂದರೆ ಮುಗಿಯಿತು.

ಎರಡನೆಯದರಲ್ಲಿ ವಿಮರ್ಶಕರ ಮಾತಿಗೆ ಬಲವಿದೆ. ಮೊದಲೇ ಗೊತ್ತುಮಾಡಿಕೊಂಡ ಒಂದೆರಡು ಹೋಲಿಕೆಗಳಿಗೆ ಎಲ್‌ಎಸ್‌ಡಿ ಸಾಕೆಂದು ವಾದಿಸಬಹುದಿತ್ತು. ನೀವು ಐದು ಉಪಚಾರಗಳನ್ನು ಎಲ್ಲಕ್ಕೆ ಎಲ್ಲವನ್ನೂ ಹೋಲಿಸಿದ್ದೀರಿ, ಅಂದರೆ ಹತ್ತು ಜೋಡಿ. ಹಾಗಾಗಿ ವಾದಿಸದೆ, ಹೋಲಿಕೆಗಳು ಹೆಚ್ಚಿದಂತೆ ಮಿತಿಯನ್ನೂ ಏರಿಸುವ ಟ್ಯೂಕಿ ಪರೀಕ್ಷೆ ಮಾಡಿ ನೋಡಿ. ನಿಮ್ಮ ಕೋಷ್ಟಕದ ಅಂಕಿಗಳಿಂದಲೇ ನಾನು ಲೆಕ್ಕ ಹಾಕಿದೆ. ಐದು ಉಪಚಾರ, ಮೂರು ಪುನರಾವರ್ತನೆಯ ಬ್ಲಾಕ್ ವಿನ್ಯಾಸದಲ್ಲಿ ದೋಷದ ಡಿಗ್ರೀಸ್ ಆಫ್ ಫ್ರೀಡಂ 8. ಎಸ್‌ಇಎಂ ಹೆಕ್ಟೇರಿಗೆ 85 ಕಿಲೋ. ಇದರಿಂದ ಸಿ.ಡಿ. 277 ಕಿಲೋ ಬರುತ್ತದೆ, ಟ್ಯೂಕಿಯ ಮಿತಿ 415 ಕಿಲೋ. ಶೇ 75 ಗೊಬ್ಬರಕ್ಕೆ ಜೀವಾಮೃತ ಸೇರಿಸಿದ ತಾಕಿನಲ್ಲಿ ಇಳುವರಿ ಹೆಕ್ಟೇರಿಗೆ 2,960 ಕಿಲೋ, ಪೂರ್ತಿ ಶಿಫಾರಸು ಗೊಬ್ಬರದ ತಾಕಿನಲ್ಲಿ 2,620 ಕಿಲೋ. ವ್ಯತ್ಯಾಸ 340. ಸಿ.ಡಿ. ದಾಟಿದ್ದು ಟ್ಯೂಕಿಯನ್ನು ದಾಟಲಿಲ್ಲ. ಏನೂ ಕೊಡದ ತಾಕಿನ 1,900 ಕಿಲೋದೊಂದಿಗಿನ ವ್ಯತ್ಯಾಸ ಮಾತ್ರ ಎರಡರಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ.

ನೋವಾಗುವುದು ಸಹಜ, ಸಾರಾಂಶದ ಮೊದಲ ಹೆಮ್ಮೆಯೇ ಅದಾಗಿತ್ತು. ಆದರೂ ಉತ್ತರ ಹೀಗಿರಲಿ (ಇಂಗ್ಲಿಷಿನಲ್ಲಿ ಬರೆಯುವುದರ ಸಾರ ಕೊಡುತ್ತಿದ್ದೇನೆ): ‘ಒಪ್ಪುತ್ತೇವೆ. ಹತ್ತು ಹೋಲಿಕೆಗಳನ್ನೂ ಟ್ಯೂಕಿ ಪರೀಕ್ಷೆಯಿಂದ ಮತ್ತೆ ಮಾಡಿದ್ದೇವೆ. ಒಂದು ತೀರ್ಮಾನ ಬದಲಾಗಿದೆ: ಜೀವಾಮೃತ ಸೇರಿದ ಉಪಚಾರಕ್ಕೂ ಪೂರ್ಣ ಗೊಬ್ಬರಕ್ಕೂ ನಡುವಿನ 340 ಕಿಲೋ ವ್ಯತ್ಯಾಸ ಈಗ ಸಿಗ್ನಿಫಿಕೆಂಟ್ ಅಲ್ಲ. ಸಾರಾಂಶ, ಕೋಷ್ಟಕ 3, ಚರ್ಚೆ, ಉಪಸಂಹಾರ ನಾಲ್ಕರಲ್ಲೂ ತಿದ್ದಿದ್ದೇವೆ.’ ಮೊದಲ ಪದದಲ್ಲೇ ನಿಲುವು ಗೊತ್ತಾಗುತ್ತದೆ, ಆಮೇಲೆ ಮಾಡಿದ ಕೆಲಸ, ಆಮೇಲೆ ಅದರ ಪರಿಣಾಮ. ಹೊಸ ವಾಕ್ಯವನ್ನು ಉತ್ತರದ ಕೆಳಗೆ ಪೂರ್ತಿ ಉದ್ಧರಿಸಿ. ಆ ಜಾಗದಲ್ಲಿ ನಮ್ಮವರ ಪ್ರೀತಿಯ ‘ಆನ್ ಪಾರ್’ ನುಸುಳದಂತೆ ನೋಡಿಕೊಳ್ಳಿ. ಮೂರು ಪುನರಾವರ್ತನೆಯಲ್ಲಿ ವ್ಯತ್ಯಾಸ ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಎರಡೂ ಸಮ ಎಂದಾಗುವುದಿಲ್ಲ, ಎರಡನೇ ಸುತ್ತಿನಲ್ಲಿ ಅದನ್ನೇ ಹಿಡಿಯುತ್ತಾರೆ.

ಮೂರನೆಯದು, ಒಂದೇ ಹಂಗಾಮು. ಪತ್ರಿಕೆ ಕೊಟ್ಟ ಅರವತ್ತು ದಿನದಲ್ಲಿ ಇನ್ನೊಂದು ಮುಂಗಾರಿನ ಬೆಳೆ ತೆಗೆಯಲಾಗದೆಂದು ಅವರಿಗೂ ಗೊತ್ತು. ‘ಸಮಯ ಮತ್ತು ಹಣದ ಕೊರತೆಯಿಂದ’ ಎಂದು ನೀವು ಬರೆದಿರುವುದು ಯಾರಿಗೂ ಬೇಕಿಲ್ಲ. ಮಾಡಬಹುದಾದದ್ದು ಮಾತಿನ ಅಳತೆಯನ್ನು ಇಳಿಸುವುದು. ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಹಂಗಾಮಿನ ವರ್ಷ ಕಾಣಲಿ, ಆ ವರ್ಷದ ಮಳೆಯನ್ನು ಆ ಊರಿನ ವಾಡಿಕೆ ಮಳೆಯೊಂದಿಗೆ ಇಟ್ಟು ತೋರಿಸಿ, ‘ರೈತರಿಗೆ ಶಿಫಾರಸು ಮಾಡಬಹುದು’ ಎಂಬುದನ್ನು ತೆಗೆದು ‘ಇನ್ನಷ್ಟು ಹಂಗಾಮುಗಳಲ್ಲಿ ಪರೀಕ್ಷಿಸಲು ಯೋಗ್ಯ’ ಎನ್ನಿ. ಉತ್ತರದಲ್ಲಿ ‘ಎರಡನೇ ಹಂಗಾಮಿನ ಮಾಹಿತಿ ನಮ್ಮಲ್ಲಿಲ್ಲ’ ಎಂದು ನೇರವಾಗಿ ಹೇಳಿ, ಅದಕ್ಕಾಗಿ ಬದಲಿಸಿದ ಮೂರು ಜಾಗ ತೋರಿಸಿ.

ಮೊದಲ ವಿಮರ್ಶಕರು ತಾಕಿನ ಅಳತೆ ಕೊಟ್ಟಿಲ್ಲ ಎಂದಿದ್ದಾರೆ. ನಿಮ್ಮ ಉತ್ತರ: ‘ಇದನ್ನು ಈಗಾಗಲೇ ಬರೆಯಲಾಗಿದೆ, ದಯವಿಟ್ಟು ನೋಡಿ.’ ನಿಜ, ಬರೆದಿದ್ದೀರಿ, ಉದ್ದನೆಯ ಮೂರನೇ ಪ್ಯಾರಾದ ಕೊನೆಯಲ್ಲಿ. ವಿಮರ್ಶಕರಿಗೇ ಸಿಗದದ್ದು ಓದುಗರಿಗೂ ಸಿಗುವುದಿಲ್ಲ. ‘ತಾಕಿನ ಅಳತೆ 4.5 × 3 ಮೀಟರ್. ಇದು ಹಿಂದಿನ ಪ್ರತಿಯಲ್ಲಿ ಮೂರನೇ ಪ್ಯಾರಾದ ಕೊನೆಯಲ್ಲಿತ್ತು. ಈಗ ವಿನ್ಯಾಸದ ಮೊದಲ ವಾಕ್ಯಕ್ಕೆ ತಂದಿದ್ದೇವೆ’ ಎನ್ನಿ. ‘ದಯವಿಟ್ಟು’ ಇಲ್ಲದಿದ್ದರೂ ಇದು ಹೆಚ್ಚು ಸಭ್ಯವಾಗಿದೆ.

ಅವರೇ ನಾಲ್ಕು ಲೇಖನಗಳನ್ನು ಉಲ್ಲೇಖಿಸಲು ಹೇಳಿದ್ದಾರೆ, ನಾಲ್ಕರಲ್ಲೂ ಒಬ್ಬರೇ ಲೇಖಕರು! ಯಾರೆಂದು ಊಹಿಸಬಹುದು, ಆದರೆ ಊಹೆಯನ್ನು ಬರೆಯಬಾರದು. ಓದಿ ನೋಡಿ. ಸಂಬಂಧವಿರುವುದನ್ನು ಸೇರಿಸಿ, ಉಳಿದವು ಏಕೆ ಹೊಂದುವುದಿಲ್ಲವೆಂದು ಒಂದೇ ವಾಕ್ಯದಲ್ಲಿ ಹೇಳಿ, ‘ಉಳಿದ ಮೂರು ನೀರಾವರಿ ಭತ್ತಕ್ಕೆ ಸಂಬಂಧಿಸಿದವು’ ಎನ್ನುವ ಹಾಗೆ. ಒತ್ತಾಯ ಅತಿಯೆನಿಸಿದರೆ ಸಂಪಾದಕರಿಗೆ ಪ್ರತ್ಯೇಕವಾಗಿ ಬರೆಯಿರಿ. ಬರೀ ತಮ್ಮ ಉಲ್ಲೇಖದ ಸಂಖ್ಯೆ ಏರಿಸಲು ಹಾಗೆ ಕೇಳಬಾರದೆಂದು ವಿಮರ್ಶಕರಿಗಾಗಿ, ಪ್ರಕಟಣೆಯ ನೈತಿಕತೆಯನ್ನು ನೋಡಿಕೊಳ್ಳುವ ಕೋಪ್ ಸಂಸ್ಥೆ ಮಾಡಿದ ಮಾರ್ಗಸೂಚಿಯೇ ಹೇಳುತ್ತದೆ.

ಭಾಷೆ ತಿದ್ದಿ ಎಂಬಂಥ ಕಾಮೆಂಟುಗಳಿಗೆ ಯಾವ ಭಾಗಗಳನ್ನು ತಿದ್ದಿದಿರೆಂದು ಒಂದು ಸಾಲು ಸಾಕು.

ಪತ್ರ ಸಿದ್ಧವಾದ ಮೇಲೆ ಲೇಖನದ ಫೈಲಿನಲ್ಲಿ ‘340’, ‘ಸಿಗ್ನಿಫಿಕೆಂಟ್’, ‘ಸುಪೀರಿಯರ್’ ಎಂಬವನ್ನು ಒಂದೊಂದಾಗಿ ಹುಡುಕಿ. ಪತ್ರದಲ್ಲಿ ಬಿಟ್ಟುಕೊಟ್ಟ ಹಳೆಯ ಮಾತು ಸಾರಾಂಶದಲ್ಲೋ ಚಿತ್ರದ ಅಡಿಬರಹದಲ್ಲೋ ಹಾಗೇ ಉಳಿದಿರುವುದನ್ನು ನಾನು ಕಂಡಷ್ಟು ಬೇರೆ ತಪ್ಪನ್ನು ಕಂಡಿಲ್ಲ. ಸಾಲು ಸಂಖ್ಯೆಗಳನ್ನು ಕಟ್ಟಕಡೆಗೆ ತುಂಬಿ. ಟ್ರ್ಯಾಕ್ ಚೇಂಜಸ್ ಇರುವ ಪ್ರತಿಗೂ ಸ್ವಚ್ಛ ಪ್ರತಿಗೂ ಸಾಲುಗಳು ಹೊಂದುವುದಿಲ್ಲ, ಹಾಗಾಗಿ ಯಾವ ಪ್ರತಿಯ ಸಂಖ್ಯೆ ಎಂದು ಪತ್ರದ ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಆಮೇಲೆ ಗೈಡ್ ಒಂದು ಅಲ್ಪವಿರಾಮ ಹಾಕಿದರೂ 19 ಉತ್ತರಗಳ ಸಂಖ್ಯೆಗಳನ್ನು ಇನ್ನೊಮ್ಮೆ ತಾಳೆ ನೋಡಬೇಕಾಗುತ್ತದೆ.